ಬಹುಅಂಕಿ ಎಣಿಕೆಯ ರನ್-ಲೆಂಗ್ತ್ ಎನ್‌ಕೋಡಿಂಗ್

ರನ್-ಲೆಂಗ್ತ್ ಎನ್‌ಕೋಡಿಂಗ್ ಎಂಬುದು ಒಂದೇ ಚಿಹ್ನೆ ಸತತವಾಗಿ ಬಂದಿರುವ ಕಡೆ ಆ ಚಿಹ್ನೆಯನ್ನು ಒಮ್ಮೆ ಮಾತ್ರ ಬರೆದು, ಅದು ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನು ಜೊತೆಗಿಡುವ ನಷ್ಟರಹಿತ ಸಂಕೋಚನ ವಿಧಾನ. ಎಣಿಕೆ 9ನ್ನು ದಾಟಬಹುದಾದರೆ, ಅಂದರೆ 10, 137, 1728 ಹೀಗೆ ಎರಡು ಅಥವಾ ಹೆಚ್ಚು ಅಂಕಿಗಳಲ್ಲಿ ಬರಬಹುದಾದರೆ, ಅದು ಬಹುಅಂಕಿ ಎಣಿಕೆಯ ರೂಪ. ಎಣಿಕೆಗೆ ಒಂದೇ ಅಂಕಿ ಎಂದು ಕಟ್ಟು ಹಾಕಿದ್ದರೆ ಓದುವವನಿಗೆ ಸಂಖ್ಯೆಯ ಕೊನೆ ಮೊದಲೇ ಗೊತ್ತಿರುತ್ತದೆ. ಆ ಕಟ್ಟು ಇಲ್ಲದಾಗ ಸಂಖ್ಯೆ ಎಲ್ಲಿ ಮುಗಿಯಿತು ಎಂಬುದನ್ನು ಓದುತ್ತಲೇ ತೀರ್ಮಾನಿಸಬೇಕಾಗುತ್ತದೆ. ಈ ವಿಧಾನದ ಬೇರೆ ಬೇರೆ ರೂಪಗಳು ಹುಟ್ಟಿರುವುದೂ, ಇದರಲ್ಲಿ ತಪ್ಪುಗಳು ನುಸುಳುವುದೂ ಬಹುಪಾಲು ಈ ಒಂದು ತೀರ್ಮಾನದ ಸುತ್ತಲೇ.

ಈ ಲೇಖನದಲ್ಲಿ ಒಂದೇ ಚಿಹ್ನೆ ಎಡೆಬಿಡದೆ ಬರುವ ಭಾಗಕ್ಕೆ ‘ರನ್’ ಎಂದೂ, ಅದರ ಉದ್ದಕ್ಕೆ ‘ಎಣಿಕೆ’ ಎಂದೂ, ಎಣಿಕೆಯನ್ನು ಬರೆಯಲು ಬಳಸುವ 0ರಿಂದ 9ರವರೆಗಿನ ಗುರುತಿಗೆ ‘ಅಂಕಿ’ ಎಂದೂ ಹೇಳಿದೆ. ದತ್ತಾಂಶವನ್ನು ಕುಗ್ಗಿಸುವ ಕ್ರಮವಿಧಿ ಎನ್‌ಕೋಡರ್. ಕುಗ್ಗಿದ್ದನ್ನು ಮೊದಲಿನಂತೆ ಬಿಡಿಸುವುದು ಡಿಕೋಡರ್.

## ಉಗಮ

ರನ್‌ಗಳ ಉದ್ದವನ್ನು ಕಳುಹಿಸಿದರೆ ಸಾಕು, ಚಿಹ್ನೆಗಳನ್ನೆಲ್ಲ ಕಳುಹಿಸಬೇಕಿಲ್ಲ ಎಂಬ ವಿಚಾರ 1960ರ ದಶಕದ ಸಂವಹನ ಸಂಶೋಧನೆಯಲ್ಲಿ ಗಟ್ಟಿಯಾಯಿತು. ಅಮೆರಿಕದ ಗಣಿತಜ್ಞ ಸಾಲೊಮನ್ ಗೊಲೊಂಬ್ 1966ರಲ್ಲಿ ಪ್ರಕಟಿಸಿದ ಕಿರು ಪ್ರಬಂಧದಲ್ಲಿ ಎಣಿಕೆಗಳನ್ನೇ ಕಡಿಮೆ ಬಿಟ್‌ಗಳಲ್ಲಿ ಬರೆಯುವ ಬಗೆಯನ್ನು ತೋರಿಸಿದರು. ಆರಿಸಿಕೊಂಡ ಒಂದು ಸಂಖ್ಯೆಯಿಂದ ಎಣಿಕೆಯನ್ನು ಭಾಗಿಸಿ, ಭಾಗಲಬ್ಧವನ್ನು ಒಂದು ರೀತಿಯಲ್ಲಿ, ಶೇಷವನ್ನು ಇನ್ನೊಂದು ರೀತಿಯಲ್ಲಿ ಬರೆಯುವುದು ಆ ಬಗೆ. 1967ರಲ್ಲಿ ರಾಬಿನ್‌ಸನ್ ಮತ್ತು ಚೆರ್ರಿ ಇದೇ ವಿಚಾರವನ್ನು ದೂರದರ್ಶನ ಸಂಕೇತಗಳ ಮೇಲೆ ಪ್ರಯೋಗಿಸಿದರು. ವಿಧಾನ ವ್ಯಾಪಕವಾಗಿ ಬಳಕೆಗೆ ಬಂದದ್ದು ಫ್ಯಾಕ್ಸ್ ಯಂತ್ರಗಳ ಮೂಲಕ. 1980ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಮೂರನೆಯ ಗುಂಪಿನ ಫ್ಯಾಕ್ಸ್, ಪುಟದ ಪ್ರತಿ ಗೆರೆಯನ್ನು ಬಿಳಿ ಮತ್ತು ಕಪ್ಪು ರನ್‌ಗಳ ಉದ್ದಗಳಾಗಿಯೇ ಕಳುಹಿಸುತ್ತದೆ.

## ರಚನೆ

ಪಠ್ಯರೂಪದ ಎನ್‌ಕೋಡಿಂಗ್‌ನಲ್ಲಿ ಪ್ರತಿ ರನ್ನಿಗೂ ಒಂದು ಜೋಡಿ ಇರುತ್ತದೆ: ದಶಮಾನ ಅಂಕಿಗಳಲ್ಲಿ ಎಣಿಕೆ, ಅದರ ಹಿಂದೆಯೇ ಚಿಹ್ನೆ. ಹದಿಮೂರು `W`, ಎರಡು `B`, ನೂರೈದು `W` ಇರುವ ಸಾಲು `13W2B105W` ಆಗುತ್ತದೆ. 120 ಅಕ್ಷರಗಳು 9ಕ್ಕೆ ಇಳಿದವು. ಇಲ್ಲಿ ಎಣಿಕೆಗೂ ಚಿಹ್ನೆಗೂ ನಡುವೆ ಗುರುತು ಏನೂ ಇಲ್ಲ. ಅಂಕಿಯಲ್ಲದ ಮೊದಲ ಅಕ್ಷರ ಬಂದ ಕೂಡಲೇ ಎಣಿಕೆ ಮುಗಿದಂತೆ. ಆ ಅಕ್ಷರವೇ ಚಿಹ್ನೆ. ಈ ನಿಯಮ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಮೂಲ ದತ್ತಾಂಶದಲ್ಲಿ ಅಂಕಿಗಳು ಚಿಹ್ನೆಗಳಾಗಿ ಬರಬಾರದು.

ಷರತ್ತು ಮುರಿದರೆ ಏನಾಗುತ್ತದೆ ಎಂಬುದನ್ನು ಹನ್ನೊಂದು `2`ಗಳ ಸಾಲಿನಲ್ಲಿ ನೋಡಬಹುದು. ಅದರ ಎನ್‌ಕೋಡಿಂಗ್ `112`. ಡಿಕೋಡರ್ ಇದನ್ನು ನೂರಹನ್ನೆರಡು ಎಂದು ಓದಿ, ಚಿಹ್ನೆಗಾಗಿ ಕಾಯುತ್ತ ಸಾಲಿನ ಕೊನೆ ಮುಟ್ಟುತ್ತದೆ. ಅದರ ನಂತರ `1W` ಇದ್ದರಂತೂ ಸ್ಥಿತಿ ಇನ್ನೂ ಕೆಟ್ಟದ್ದು. `1121W` ಎಂಬುದು 1121 `W`ಗಳಾಗಿ ಬಿಡಿಸಿಕೊಳ್ಳುತ್ತದೆ, ದೋಷದ ಸುಳಿವೇ ಸಿಗುವುದಿಲ್ಲ. ದತ್ತಾಂಶದಲ್ಲಿ ಅಂಕಿಗಳು ಬರಲೇಬೇಕಾದರೆ ಎಣಿಕೆಯ ನಂತರ ಒಂದು ವಿಭಜಕ ಇಡಬೇಕು. ಆಗ ಮೇಲಿನ ಸಾಲು `11:21:W` ಆಗುತ್ತದೆ. ವಿಭಜಕದ ನಂತರ ಬರುವ ಒಂದೇ ಒಂದು ಅಕ್ಷರ ಚಿಹ್ನೆ, ಅದರ ಮುಂದಿನದು ಹೊಸ ಎಣಿಕೆಯ ಆರಂಭ. ಹಾಗಾಗಿ ಚಿಹ್ನೆ ಅಂಕಿಯಾಗಿದ್ದರೂ, ವಿಭಜಕವೇ ಆಗಿದ್ದರೂ ಗೊಂದಲವಿಲ್ಲ. ಇದರ ಬೆಲೆ ಪ್ರತಿ ರನ್ನಿಗೆ ಒಂದು ಹೆಚ್ಚುವರಿ ಅಕ್ಷರ.

ಗಣಿತದಲ್ಲಿ ‘ನೋಡಿ ಹೇಳು’ ಶ್ರೇಣಿ ಎಂದು ಹೆಸರಾದ 1, 11, 21, 1211, 111221 ಎಂಬ ಸಾಲಿನಲ್ಲಿ ಎಣಿಕೆಯೂ ಚಿಹ್ನೆಯೂ ಅಂಕಿಗಳೇ ಆಗಿವೆ, ಆದರೂ ವಿಭಜಕ ಬೇಕಾಗಿಲ್ಲ. ಇದನ್ನು ವಿಶ್ಲೇಷಿಸಿದವರು ಜಾನ್ ಕಾನ್ವೇ. 1ರಿಂದ ಆರಂಭಿಸಿದ ಈ ಶ್ರೇಣಿಯಲ್ಲಿ ಯಾವ ರನ್ನೂ 3ನ್ನು ಮೀರುವುದಿಲ್ಲವಾದ್ದರಿಂದ ಎಣಿಕೆ ಎಂದೂ ಎರಡಂಕಿ ಆಗುವುದಿಲ್ಲ, ಎರಡೆರಡು ಅಕ್ಷರ ಎಣಿಸಿ ಓದಿದರೆ ಸಾಕು.

ಎಣಿಕೆ 1 ಆಗಿರುವಾಗ ಅದನ್ನು ಬರೆಯುವುದೋ ಬಿಡುವುದೋ ಎಂಬುದು ರಚನೆಯ ಇನ್ನೊಂದು ನಿರ್ಧಾರ. ಕಡ್ಡಾಯವಾಗಿ ಬರೆದರೆ `ABCD` ಎಂಬುದು `1A1B1C1D` ಆಗಿ ಎರಡು ಪಟ್ಟು ಹಿಗ್ಗುತ್ತದೆ. ಬಿಟ್ಟರೆ ಅದು `ABCD` ಆಗಿಯೇ ಉಳಿಯುತ್ತದೆ. 1ನ್ನು ಬಿಡುವ ರೂಪಕ್ಕೆ ಒಂದು ಒಳ್ಳೆಯ ಗುಣವಿದೆ: ಅಂಕಿಗಳಿಲ್ಲದ ಯಾವ ದತ್ತಾಂಶವೂ ಇದರಲ್ಲಿ ಮೂಲಕ್ಕಿಂತ ಉದ್ದವಾಗಲಾರದು. ಒಂದರ ರನ್ ಒಂದಕ್ಷರ, ಎರಡರ ರನ್ ಎರಡಕ್ಷರ, ಮೂರರಿಂದಾಚೆ ಲಾಭವೇ.

## ಎನ್‌ಕೋಡ್ ಮಾಡುವ ಕ್ರಮ

ಎನ್‌ಕೋಡರ್ ರನ್ನಿನ ಆರಂಭದಲ್ಲಿ ನಿಂತು, ಅದೇ ಚಿಹ್ನೆ ಎಲ್ಲಿಯವರೆಗೆ ಮುಂದುವರಿಯುತ್ತದೆಂದು ನೋಡಿ, ಉದ್ದವನ್ನು ದಶಮಾನದಲ್ಲಿ ಬರೆದು, ಮುಂದಿನ ರನ್ನಿಗೆ ಜಿಗಿಯುತ್ತದೆ.

```python
def encode(s):
    out, i = [], 0
    while i < len(s):
        if "0" <= s[i] <= "9":
            raise ValueError(i)
        j = i
        while j < len(s) and s[j] == s[i]:
            j += 1
        n = j - i
        out.append((str(n) if n > 1 else "") + s[i])
        i = j
    return "".join(out)
```

ಎನ್‌ಕೋಡರಿಗೆ ಬಹುಅಂಕಿಯಿಂದ ಹೊಸ ತೊಡಕೇನೂ ಬರುವುದಿಲ್ಲ. ಸಂಖ್ಯೆಯನ್ನು ಪಠ್ಯವಾಗಿಸುವ ಕೆಲಸವನ್ನು `str` ಮಾಡಿಕೊಳ್ಳುತ್ತದೆ. ಪ್ರತಿ ಅಕ್ಷರವನ್ನು ಹಿಂದಿನದರೊಂದಿಗೆ ಹೋಲಿಸಿ, ಬದಲಾದಾಗ ಮಾತ್ರ ಬರೆಯುವ ಇನ್ನೊಂದು ಶೈಲಿಯೂ ರೂಢಿಯಲ್ಲಿದೆ. ಅದರಲ್ಲಿ ದತ್ತಾಂಶ ಮುಗಿದಾಗ ಕೈಯಲ್ಲಿ ಉಳಿದ ಕೊನೆಯ ರನ್ನನ್ನು ಬೇರೆಯಾಗಿ ಬರೆಯಬೇಕು, ಏಕೆಂದರೆ ಅದರ ನಂತರ ಬದಲಾವಣೆಯೇ ಬರುವುದಿಲ್ಲ. ಇದನ್ನು ಮರೆತ ಎನ್‌ಕೋಡರ್ ಪ್ರತಿ ಸಲವೂ ಕೊನೆಯ ರನ್ನನ್ನು ಕಳೆಯುತ್ತದೆ.

## ಡಿಕೋಡ್ ಮಾಡುವ ಕ್ರಮ

ಡಿಕೋಡರ್ ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಓದುತ್ತದೆ. ಅಂಕಿ ಸಿಕ್ಕಾಗ, ಅದುವರೆಗಿನ ಎಣಿಕೆಯನ್ನು ಹತ್ತರಿಂದ ಗುಣಿಸಿ ಹೊಸ ಅಂಕಿಯನ್ನು ಕೂಡಿಸುತ್ತದೆ. ಅಂಕಿಯಲ್ಲದ್ದು ಸಿಕ್ಕಾಗ ಅದನ್ನು ಎಣಿಕೆಯಷ್ಟು ಸಲ ಬರೆದು, ಎಣಿಕೆಯನ್ನು ಸೊನ್ನೆಗೆ ತರುತ್ತದೆ.

```python
def decode(t):
    out, n, seen = [], 0, False
    for c in t:
        if "0" <= c <= "9":
            n = n * 10 + int(c)
            seen = True
        else:
            out.append(c * (n if seen else 1))
            n, seen = 0, False
    if seen:
        raise ValueError("count without symbol")
    return "".join(out)
```

ಇಲ್ಲಿ `n = n * 10 + int(c)` ಎಂಬ ಸಾಲೇ ಬಹುಅಂಕಿಯ ಇಡೀ ಕೆಲಸ ಮಾಡುವುದು. `105W` ಓದುವಾಗ `n` ಕ್ರಮವಾಗಿ 1, 10, 105 ಆಗುತ್ತದೆ. `W` ಬಂದಾಗ 105 ಅಕ್ಷರಗಳು ಹೊರಬೀಳುತ್ತವೆ. `seen` ಎಂಬ ಪ್ರತ್ಯೇಕ ಗುರುತನ್ನು ಇಟ್ಟಿರುವುದಕ್ಕೂ ಕಾರಣವಿದೆ. ‘ಎಣಿಕೆ ಬರೆದಿಲ್ಲ’ ಎಂಬ ಸ್ಥಿತಿಯನ್ನು `n` ಸೊನ್ನೆಯಾಗಿರುವುದರಿಂದಲೇ ಊಹಿಸಿದರೆ, `0W` ಎಂಬ ಅಸಂಗತ ಜೋಡಿ ಒಂದು `W` ಆಗಿ ನುಸುಳಿಬಿಡುತ್ತದೆ. ಕಟ್ಟುನಿಟ್ಟಾದ ಡಿಕೋಡರ್ `0W`, `007W` ಮುಂತಾದವನ್ನು ತಿರಸ್ಕರಿಸುವುದು ಒಳ್ಳೆಯದು. ಎನ್‌ಕೋಡರ್ ಅವನ್ನು ಎಂದೂ ಬರೆಯುವುದಿಲ್ಲವಾದ್ದರಿಂದ, ಅವು ಕಂಡವೆಂದರೆ ಕಡತ ಕೆಟ್ಟಿದೆ ಅಥವಾ ಬೇರೆ ಯಾರೋ ತಿದ್ದಿದ್ದಾರೆ ಎಂದೇ ಅರ್ಥ.

ಚಿಹ್ನೆ ಮೊದಲು, ಎಣಿಕೆ ಆಮೇಲೆ ಎಂಬ `W13B2W105` ರೂಪದಲ್ಲಿ ಎಣಿಕೆಯ ಕೊನೆ ತಿಳಿಯುವುದು ಮುಂದಿನ ಚಿಹ್ನೆ ಕಂಡಾಗ ಅಥವಾ ದತ್ತಾಂಶ ಮುಗಿದಾಗ. ಸಾಲಿನ ಕೊನೆಯನ್ನು ಕತ್ತರಿಸಿ `W13B2W10` ಮಾಡಿದರೂ ಅದು ಸರಿಯಾದ ಸಾಲಿನಂತೆಯೇ ಓದಿಸಿಕೊಳ್ಳುತ್ತದೆ. ಎಣಿಕೆ ಮೊದಲು ಬರುವ ರೂಪದಲ್ಲಾದರೆ `13W2B10` ಎಂದು ಉಳಿಯುವುದರಿಂದ, ಚಿಹ್ನೆಯಿಲ್ಲದ ಎಣಿಕೆ ಎಂದು ಡಿಕೋಡರ್ ಕೂಡಲೇ ಹಿಡಿಯುತ್ತದೆ. ಈ ಒಂದು ಕಾರಣಕ್ಕೇ ಎಣಿಕೆ ಮೊದಲು ಬರುವ ರೂಪ ಹೆಚ್ಚು ಸುರಕ್ಷಿತ.

## ಒಂದು ಉದಾಹರಣೆ: ಗಾಸ್ಪರ್ ಗ್ಲೈಡರ್ ಗನ್

ಕಾನ್ವೇ ರೂಪಿಸಿದ ‘ಗೇಮ್ ಆಫ್ ಲೈಫ್’ ಎಂಬ ಚೌಕಜಾಲದ ಆಟವನ್ನು ಮಾರ್ಟಿನ್ ಗಾರ್ಡನರ್ 1970ರ ಅಕ್ಟೋಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಪರಿಚಯಿಸಿದರು. ಅದೇ ವರ್ಷ ಬಿಲ್ ಗಾಸ್ಪರ್ ಎಂಐಟಿಯಲ್ಲಿ ಕಂಡುಹಿಡಿದ ವಿನ್ಯಾಸವೇ ಗ್ಲೈಡರ್ ಗನ್. ಈ ಆಟದ ವಿನ್ಯಾಸಗಳನ್ನು ಹಂಚಿಕೊಳ್ಳಲು ಇಂದಿಗೂ ರನ್-ಲೆಂಗ್ತ್ ಪಠ್ಯರೂಪವೇ ಬಳಕೆಯಲ್ಲಿದೆ. ಅದರಲ್ಲಿ `b` ಎಂದರೆ ನಿರ್ಜೀವ ಕೋಶ, `o` ಎಂದರೆ ಜೀವಂತ ಕೋಶ, `$` ಎಂದರೆ ಸಾಲಿನ ಕೊನೆ, `!` ಎಂದರೆ ವಿನ್ಯಾಸದ ಕೊನೆ. ಎಣಿಕೆ 1 ಆದರೆ ಬರೆಯುವುದಿಲ್ಲ. ಸಾಲಿನ ಕೊನೆಯಲ್ಲಿ ಉಳಿಯುವ ನಿರ್ಜೀವ ಕೋಶಗಳನ್ನೂ ಬರೆಯಬೇಕಿಲ್ಲ.

```
x = 36, y = 9
24bo$
22bobo$
12b2o6b2o12b2o$
11bo3bo4b2o12b2o$
2o8bo5bo3b2o$
2o8bo3bob2o4bobo$
10bo5bo7bo$
11bo3bo$
12b2o!
```

ಓದಲು ಅನುಕೂಲವಾಗಲೆಂದು ಇಲ್ಲಿ ಸಾಲುಗಳನ್ನು ಬೇರೆ ಮಾಡಿದೆ. ತಲೆಬರಹವನ್ನು ಬಿಟ್ಟರೆ 99 ಅಕ್ಷರಗಳಲ್ಲಿ 36×9, ಅಂದರೆ 324 ಕೋಶಗಳ ಚಿತ್ರ ಅಡಗಿದೆ. ಮೂರನೆಯ ಸಾಲನ್ನು ಬಿಡಿಸಿದರೆ 12 ನಿರ್ಜೀವ, 2 ಜೀವಂತ, 6 ನಿರ್ಜೀವ, 2 ಜೀವಂತ, 12 ನಿರ್ಜೀವ, 2 ಜೀವಂತ ಕೋಶಗಳು ಬರುತ್ತವೆ. ಮೊತ್ತ 36, ತಲೆಬರಹದ `x = 36` ಎಂಬುದಕ್ಕೆ ಇದು ಸರಿಹೊಂದುತ್ತದೆ.

ಈಗ ಡಿಕೋಡರ್‌ನಲ್ಲಿ `n * 10` ಭಾಗವನ್ನು ಬಿಟ್ಟು `n = int(c)` ಎಂದಷ್ಟೇ ಬರೆದಿದ್ದಾರೆ ಎಂದುಕೊಳ್ಳೋಣ. ಆಗ ಪ್ರತಿ ಎಣಿಕೆಯ ಕೊನೆಯ ಅಂಕಿ ಮಾತ್ರ ಉಳಿಯುತ್ತದೆ. ಮೂರನೆಯ ಸಾಲಿನ ಎರಡು 12ಗಳೂ 2 ಆಗಿ, ಸಾಲಿನ ಉದ್ದ 36ರ ಬದಲು 16 ಆಗುತ್ತದೆ. ಏಳನೆಯ ಸಾಲಿನ `10b` ಎಂಬುದು `0b` ಆಗಿ ಮಾಯವಾಗುತ್ತದೆ. ಐದು ಮತ್ತು ಆರನೆಯ ಸಾಲುಗಳಲ್ಲಿ ಎರಡಂಕಿಯ ಎಣಿಕೆಯೇ ಇಲ್ಲದ್ದರಿಂದ ಅವು ಸರಿಯಾಗಿಯೇ ಬಿಡಿಸಿಕೊಳ್ಳುತ್ತವೆ. ಕ್ರಮವಿಧಿ ಎಲ್ಲಿಯೂ ನಿಲ್ಲುವುದಿಲ್ಲ, ದೋಷಸಂದೇಶವೂ ಬರುವುದಿಲ್ಲ. ಜೀವಂತ ಕೋಶಗಳನ್ನು ಎಣಿಸಿ ನೋಡಿದರೂ ತಪ್ಪು ಸಿಗದು, ಏಕೆಂದರೆ ಈ ವಿನ್ಯಾಸದಲ್ಲಿ `o` ರನ್ನುಗಳೆಲ್ಲ 1 ಅಥವಾ 2. ಸರಿಯಾದ ಚಿತ್ರದಲ್ಲಿರುವಂತೆಯೇ ತಪ್ಪು ಚಿತ್ರದಲ್ಲಿಯೂ 36 ಜೀವಂತ ಕೋಶಗಳೇ ಇರುತ್ತವೆ. ಕೋಶಗಳ ಸ್ಥಾನ ಮಾತ್ರ ಎಡಕ್ಕೆ ಸರಿದು ಚದುರಿರುತ್ತದೆ. ತಪ್ಪನ್ನು ಹಿಡಿಯುವುದು ತಲೆಬರಹ: ಅತಿ ಉದ್ದದ ಸಾಲು ಈಗ 25 ಕೋಶಗಳದ್ದು, 36ರದ್ದಲ್ಲ.

ಒಟ್ಟು ಉದ್ದವನ್ನು ಎಣಿಕೆಗಳ ಮೊತ್ತದೊಂದಿಗೆ ಹೋಲಿಸುವ ಈ ಪರೀಕ್ಷೆ ಅಗ್ಗದ್ದು. ಆದರೆ ಅದಕ್ಕೆ ಮೂಲದ ಉದ್ದವನ್ನು ಎಲ್ಲಾದರೂ ಬರೆದಿಟ್ಟಿರಬೇಕು. ಎನ್‌ಕೋಡ್ ಮಾಡಿದ್ದನ್ನು ಡಿಕೋಡ್ ಮಾಡಿ ಮೂಲವೇ ಬಂದಿತೇ ಎಂದು ನೋಡುವ ಪರೀಕ್ಷೆಯೂ ಬೇಕು, ಆದರೆ ಆ ಪರೀಕ್ಷೆಯ ಸಾಮಗ್ರಿಯಲ್ಲಿ 9, 10, 99, 100 ಉದ್ದದ ರನ್‌ಗಳು ಇರಲೇಬೇಕು. ಚಿಕ್ಕ ರನ್‌ಗಳ ಮೇಲೆ ಮಾತ್ರ ಪರೀಕ್ಷಿಸಿದರೆ ಮೇಲಿನ ದೋಷ ಹೊರಬೀಳುವುದೇ ಇಲ್ಲ.

## ಬಗೆಗಳು

ಸಂಖ್ಯೆಯ ಕೊನೆಯನ್ನು ಹೇಗೆ ತಿಳಿಸುತ್ತಾರೆ ಎಂಬುದರ ಮೇಲೆ ರೂಪಗಳನ್ನು ವಿಂಗಡಿಸಬಹುದು. ಮೇಲೆ ವಿವರಿಸಿದ ದಶಮಾನ ಪಠ್ಯರೂಪದಲ್ಲಿ ಚಿಹ್ನೆಯೇ ಕೊನೆಯ ಗುರುತು.

ಬೈಟ್‌ಗಳಲ್ಲಿ ಬರೆಯುವ ಹಲವು ರೂಪಗಳು ಈ ಪ್ರಶ್ನೆಯನ್ನೇ ತಪ್ಪಿಸಿಕೊಂಡು ಎಣಿಕೆಗೆ ನಿಶ್ಚಿತ ಜಾಗ ಕೊಡುತ್ತವೆ. ವಿಂಡೋಸಿನ ಬಿಎಂಪಿ ಚಿತ್ರಗಳ ಎಂಟು-ಬಿಟ್ ರೂಪದಲ್ಲಿ ಎಣಿಕೆಗೆ ಒಂದು ಬೈಟ್, ಬಣ್ಣಕ್ಕೆ ಒಂದು ಬೈಟ್. 255ಕ್ಕಿಂತ ಉದ್ದದ ರನ್ ಬಂದರೆ ಅದನ್ನು ತುಂಡರಿಸಬೇಕು. 300ರ ರನ್ 255 ಮತ್ತು 45 ಆಗಿ ಎರಡು ಜೋಡಿಯಲ್ಲಿ ಕೂರುತ್ತದೆ. ಆ್ಯಪಲ್‌ನ ಪ್ಯಾಕ್‌ಬಿಟ್ಸ್ ರೂಪದಲ್ಲಿ ಒಂದು ರನ್ನಿನ ಮಿತಿ 128, ಪಿಸಿಎಕ್ಸ್ ಚಿತ್ರಗಳಲ್ಲಿ 63.

ಫ್ಯಾಕ್ಸ್ ಮಾನಕದ ಪರಿಹಾರ ಇವೆರಡರ ನಡುವಿನದು, ಮತ್ತು ಅದನ್ನು ಬಹುಅಂಕಿಯ ಕಣ್ಣಿನಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ಪುಟದ ಒಂದು ಗೆರೆಯಲ್ಲಿ 1728 ಬಿಂದುಗಳಿರುತ್ತವೆ. 0ರಿಂದ 63ರವರೆಗಿನ ಪ್ರತಿ ಉದ್ದಕ್ಕೂ ಒಂದು ‘ಮುಕ್ತಾಯ ಸಂಕೇತ’ ಇದೆ. 64, 128, 192 ಹೀಗೆ 64ರ ಗುಣಕಗಳಿಗೆ ಬೇರೆ ‘ಪೂರಣ ಸಂಕೇತ’ಗಳಿವೆ. 200 ಬಿಂದುಗಳ ಬಿಳಿ ರನ್ ಎಂದರೆ 192ರ ಪೂರಣ ಸಂಕೇತ `010111`, ಅದರ ಹಿಂದೆ 8ರ ಮುಕ್ತಾಯ ಸಂಕೇತ `10011`. ಒಟ್ಟು 11 ಬಿಟ್. ಇದು 64ನ್ನು ಆಧಾರವಾಗಿಟ್ಟ ಎರಡಂಕಿ ಸಂಖ್ಯೆಯೇ: ಮೇಲಿನ ಅಂಕಿ 3, ಕೆಳಗಿನ ಅಂಕಿ 8. ಮುಕ್ತಾಯ ಸಂಕೇತ ಬಂದಿತೆಂದರೆ ಸಂಖ್ಯೆ ಮುಗಿಯಿತು. ಹೀಗಾಗಿ ಉದ್ದ ಸರಿಯಾಗಿ 64ರ ಗುಣಕವೇ ಆಗಿದ್ದರೂ ಸೊನ್ನೆಯ ಮುಕ್ತಾಯ ಸಂಕೇತವನ್ನು ಹಾಕಲೇಬೇಕು. ಪೂರ್ತಿ ಖಾಲಿ ಗೆರೆ `010011011` ಮತ್ತು `00110101` ಎಂಬ ಎರಡು ಸಂಕೇತಗಳಲ್ಲಿ, 17 ಬಿಟ್‌ಗಳಲ್ಲಿ ಮುಗಿಯುತ್ತದೆ. ಬಣ್ಣದ ಹೆಸರನ್ನು ಬರೆಯುವ ಅಗತ್ಯವೂ ಇಲ್ಲ. ಪ್ರತಿ ಗೆರೆ ಬಿಳಿಯಿಂದಲೇ ಆರಂಭ, ಆಮೇಲೆ ಕಪ್ಪು-ಬಿಳಿ ಸರದಿಯಲ್ಲಿ ಬರುತ್ತವೆ. ಗೆರೆ ಕಪ್ಪಿನಿಂದ ಶುರುವಾದರೆ ಸೊನ್ನೆ ಉದ್ದದ ಬಿಳಿ ರನ್ನನ್ನು ಮೊದಲು ಬರೆಯುತ್ತಾರೆ.

ಬೈಟ್‌ಗಳ ಲೋಕದಲ್ಲಿ ಇದೇ ಉಪಾಯದ ಸಾಮಾನ್ಯ ರೂಪವೆಂದರೆ ಪ್ರತಿ ಬೈಟ್‌ನ ಮೇಲಿನ ಬಿಟ್ಟನ್ನು ‘ಇನ್ನೂ ಇದೆ’ ಎಂಬ ಗುರುತಾಗಿ ಬಳಸಿ, ಉಳಿದ ಏಳು ಬಿಟ್‌ಗಳಲ್ಲಿ ಸಂಖ್ಯೆಯ ಒಂದು ತುಣುಕನ್ನು ಇಡುವುದು. ಕೆಳಗಿನ ತುಣುಕು ಮೊದಲು ಬರುವ ಪದ್ಧತಿಯಲ್ಲಿ 300 ಎಂಬುದು `AC 02` ಎಂಬ ಎರಡು ಬೈಟ್ ಆಗುತ್ತದೆ.

## ದೋಷಗಳು ಮತ್ತು ಮಿತಿಗಳು

ಅಂಕಿಗಳಿಗೆ ಮಿತಿ ಹಾಕದಿರುವುದರಿಂದ ಎರಡು ಅಪಾಯಗಳು ಹುಟ್ಟುತ್ತವೆ. `n` ಅನ್ನು 32 ಬಿಟ್‌ಗಳ ಚಿಹ್ನಾರಹಿತ ಪೂರ್ಣಾಂಕದಲ್ಲಿಟ್ಟ ಕ್ರಮವಿಧಿಯಲ್ಲಿ `4294967297W` ಎಂಬುದು ಸುತ್ತು ಹೊಡೆದು ಒಂದೇ `W` ಆಗುತ್ತದೆ. ಪೈಥಾನ್‌ನಂತೆ ಪೂರ್ಣಾಂಕಕ್ಕೆ ಮಿತಿಯಿಲ್ಲದ ಭಾಷೆಯಲ್ಲಿ ಸಂಖ್ಯೆ ಸುತ್ತುವುದಿಲ್ಲ, ಬದಲಿಗೆ ಹತ್ತೇ ಅಕ್ಷರಗಳ `999999999W` ಎಂಬುದು ಸುಮಾರು ನೂರು ಕೋಟಿ ಅಕ್ಷರಗಳಾಗಿ ಸ್ಮೃತಿಯನ್ನು ತುಂಬುತ್ತದೆ. ಹೊರಗಿನಿಂದ ಬಂದ ದತ್ತಾಂಶವನ್ನು ಬಿಡಿಸುವಾಗ, ಒಟ್ಟು ಉತ್ಪನ್ನಕ್ಕೆ ಒಂದು ಗರಿಷ್ಠ ಮಿತಿ ಇಟ್ಟುಕೊಂಡು, ಅಕ್ಷರಗಳನ್ನು ಬರೆಯುವ ಮೊದಲೇ ಎಣಿಕೆಯನ್ನು ಅದರೊಂದಿಗೆ ಹೋಲಿಸಬೇಕು.

ಕಡತವನ್ನು ತುಂಡು ತುಂಡಾಗಿ ಓದುವಾಗ ಬರುವ ದೋಷ ಇನ್ನೂ ಸೂಕ್ಷ್ಮ. ಒಂದು ತುಂಡು `1`ರಲ್ಲಿ ಮುಗಿದು, ಮುಂದಿನದು `2b` ಎಂದು ಆರಂಭವಾದರೆ, `n` ಅನ್ನು ತುಂಡಿನಿಂದ ತುಂಡಿಗೆ ಕಾಪಾಡಿಕೊಳ್ಳದ ಡಿಕೋಡರ್ 12ರ ಬದಲು 2 ಎಂದು ಓದುತ್ತದೆ. ಚಿಕ್ಕ ಕಡತ ಒಂದೇ ತುಂಡಿನಲ್ಲಿ ಬರುವುದರಿಂದ ಅಲ್ಲಿ ಇದು ಕಾಣಿಸದು. ದೊಡ್ಡ ಕಡತದಲ್ಲಿ, ಅದೂ ಎಲ್ಲೋ ಒಂದೆರಡು ಕಡೆ ಮಾತ್ರ, ಚಿತ್ರ ಹಾಳಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಕನ್ನಡ ಪಠ್ಯದ ಮಟ್ಟಿಗೆ ಅಂಕಿ ಎಂದರೆ ಯಾವುದು ಎಂಬುದನ್ನೂ ನಿಗದಿ ಮಾಡಬೇಕಾಗುತ್ತದೆ. ಪೈಥಾನ್‌ನ `isdigit` ಕನ್ನಡ ಅಂಕಿಗಳನ್ನೂ ಅಂಕಿಗಳೆಂದೇ ಒಪ್ಪುತ್ತದೆ. `int("೧೨")` ಕೂಡ 12 ಎಂದು ಉತ್ತರಿಸುತ್ತದೆ. ಎನ್‌ಕೋಡರ್ 0–9 ಮಾತ್ರ ತಡೆದು, ಡಿಕೋಡರ್ `isdigit` ಬಳಸಿದರೆ, `೧೨ರ` ಎಂಬ ಸಾದಾ ಪಠ್ಯ ಹನ್ನೆರಡು `ರ`ಗಳಾಗಿ ಹಿಂದಿರುಗುತ್ತದೆ. ಮೇಲಿನ ಎರಡೂ ಕ್ರಮವಿಧಿಗಳು `"0" <= c <= "9"` ಎಂಬ ಒಂದೇ ಪರೀಕ್ಷೆಯನ್ನು ಬಳಸಿರುವುದು ಇದಕ್ಕಾಗಿಯೇ. ಚಿಹ್ನೆಯ ವಿಷಯದಲ್ಲೂ ಇಂಥದೇ ತೊಡಕಿದೆ. `ಕಾಕಾಕಾ` ಎಂಬುದು ಕಣ್ಣಿಗೆ ಒಂದೇ ಅಕ್ಷರದ ಮೂರು ಆವೃತ್ತಿ, ಆದರೆ ಯೂನಿಕೋಡ್‌ನಲ್ಲಿ ಅದು ಕಕಾರ ಮತ್ತು ಕಾಗುಣಿತದ ಗುರುತು ಸರದಿಯಲ್ಲಿ ಬರುವ ಆರು ಸಂಕೇತಗಳ ಸಾಲು. ಅದರಲ್ಲಿ ಒಂದಕ್ಕಿಂತ ಉದ್ದದ ರನ್ನೇ ಇಲ್ಲ. ಅಕ್ಷರವನ್ನೇ ಚಿಹ್ನೆಯೆಂದು ಹಿಡಿದರೆ `3ಕಾ` ಎಂದು ಬರೆಯಬಹುದು, ಆದರೆ ಆಗ ಡಿಕೋಡರಿಗೂ ಅಕ್ಷರ ಎಲ್ಲಿ ಮುಗಿಯುತ್ತದೆಂಬ ನಿಯಮ ಗೊತ್ತಿರಬೇಕು. ಸಾಮಾನ್ಯ ಬರಹದಲ್ಲಿ ಉದ್ದದ ರನ್‌ಗಳೇ ಇರುವುದಿಲ್ಲವಾದ್ದರಿಂದ ಪಠ್ಯವನ್ನು ಕುಗ್ಗಿಸಲು ಈ ವಿಧಾನ ಹೇಗೂ ತಕ್ಕುದಲ್ಲ.

## ಬಳಕೆ ಮತ್ತು ಇಂದಿನ ಸ್ಥಿತಿ

ಸಾಮಾನ್ಯ ಕಡತ ಸಂಕೋಚನದಲ್ಲಿ ಇದರ ಜಾಗವನ್ನು ಹಿಂದೆ ಬಂದ ತುಣುಕನ್ನೇ ಮತ್ತೆ ತೋರಿಸುವ ವಿಧಾನಗಳು ಬಹುಪಾಲು ಆಕ್ರಮಿಸಿವೆ. ‘ಒಂದು ಅಕ್ಷರ ಹಿಂದಿನಿಂದ ಇಷ್ಟು ಉದ್ದ ನಕಲು ಮಾಡು’ ಎಂದರೆ ಅದೂ ರನ್ನೇ ಆಗುತ್ತದೆ. ಆದರೂ ಕೋಷ್ಟಕ ರೂಪದ ದೊಡ್ಡ ದತ್ತಾಂಶವನ್ನು ಸ್ತಂಭಗಳಾಗಿ ಇಡುವ ಪಾರ್ಕೆ ಕಡತರೂಪದಲ್ಲಿ ರನ್-ಲೆಂಗ್ತ್ ಈಗಲೂ ಮೂಲ ವಿಧಾನಗಳಲ್ಲೊಂದು. ಎಣಿಕೆಯನ್ನು ಅದು ಮೇಲೆ ಹೇಳಿದ ‘ಇನ್ನೂ ಇದೆ’ ಗುರುತಿನ ಬೈಟ್‌ಗಳಲ್ಲೇ ಇಡುತ್ತದೆ.

ದಶಮಾನ ಪಠ್ಯರೂಪ ಇಂದು ಬಹಳವಾಗಿ ಕಾಣುವುದು ಜೀನೋಮ್ ಸಂಶೋಧನೆಯಲ್ಲಿ. ಡಿಎನ್‌ಎಯ ಒಂದು ಓದು ಆಕರ ಜೀನೋಮ್‌ಗೆ ಹೇಗೆ ಹೊಂದಿಕೊಂಡಿದೆ ಎಂಬುದನ್ನು ಎಸ್‌ಎಎಂ ಕಡತಗಳು ‘ಸಿಗಾರ್’ ಎಂಬ ಸಾಲಿನಲ್ಲಿ ಬರೆಯುತ್ತವೆ. `35S112M3D4M` ಎಂದರೆ ಓದಿನ ಮೊದಲ 35 ಘಟಕಗಳನ್ನು ಹೊಂದಾಣಿಕೆಯಿಂದ ಬಿಟ್ಟಿದೆ, 112 ಹೊಂದಿಕೊಂಡಿವೆ, ಆಕರದ 3 ಘಟಕಗಳು ಓದಿನಲ್ಲಿ ಇಲ್ಲ, ಮತ್ತೆ 4 ಹೊಂದಿಕೊಂಡಿವೆ. ಇಲ್ಲಿ ಎಣಿಕೆ 1 ಆದರೂ ಬರೆಯುವುದು ಕಡ್ಡಾಯ. ಓದಿನ ಘಟಕಗಳನ್ನು ಬಳಸುವ `S` ಮತ್ತು `M`ಗಳ ಮೊತ್ತ 35+112+4, ಅಂದರೆ 151. ಓದಿನ ಉದ್ದವೂ ಅಷ್ಟೇ ಇರಬೇಕು, ಇಲ್ಲವಾದರೆ ಆ ದಾಖಲೆ ತಪ್ಪು. ಇದೇ ದಾಖಲೆಯ ಬೈನರಿ ರೂಪವಾದ ಬಿಎಎಂನಲ್ಲಿ ಪ್ರತಿ ಜೋಡಿಗೆ 32 ಬಿಟ್: 28 ಎಣಿಕೆಗೆ, 4 ಕ್ರಿಯೆಯ ಗುರುತಿಗೆ. ಎಣಿಕೆಗೆ ಅದು ಧಾರಾಳವಾಗಿ ಸಾಕಾಯಿತು. ಸಾಲದೆ ಹೋದದ್ದು ಒಂದು ದಾಖಲೆಯಲ್ಲಿ ಎಷ್ಟು ಜೋಡಿಗಳಿವೆ ಎಂದು ಹೇಳುವ 16 ಬಿಟ್‌ಗಳ ಜಾಗ. ಬಹಳ ಉದ್ದದ ಓದುಗಳು ಬಂದ ಮೇಲೆ 65,535 ಜೋಡಿಗಳ ಮಿತಿ ಮೀರತೊಡಗಿತು, ಅಂಥ ಸಾಲುಗಳನ್ನು ಈಗ `CG` ಎಂಬ ಹೆಚ್ಚುವರಿ ಕ್ಷೇತ್ರದಲ್ಲಿ ಇಡಲಾಗುತ್ತದೆ.